ನೋವಿಲ್ಲ, ಆದರೆ ವರದಿಯಲ್ಲಿ 2ಸಿ: ಪೂರ್ಣ ವೇಗದ ಓಟ ಯಾವಾಗ?

ಪ್ರಶ್ನೆ (ತಂದೆ, ತೀರ್ಥಹಳ್ಳಿ): ನನ್ನ ಮಗ 100 ಮೀಟರ್ ಓಟಗಾರ, ವಯಸ್ಸು 19. ಶಿವಮೊಗ್ಗದಲ್ಲಿ ಅಭ್ಯಾಸ ಮಾಡುವಾಗ ಬಲತೊಡೆಯ ಹಿಂಭಾಗ ಛಳಕ್ಕೆಂದು ಹಿಡಿದುಕೊಂಡಿತು. ಎಂಆರ್‌ಐ ವರದಿಯ ಚಿತ್ರ ಹಾಕಿದ್ದೇನೆ, 2ಸಿ ಎಂದಿದೆ. ಇಂದಿಗೆ 16 ದಿನ, ನಡೆದಾಡಲು ನೋವಿಲ್ಲ. ಓಡಿಸಬಹುದೇ?

ನಿವೃತ್ತ ದೈಹಿಕ ಶಿಕ್ಷಕರು: 2 ಎಂದರೆ ಮಧ್ಯಮ ಗಾಯ, ಮೂರು ವಾರ ಸಾಕು. ಹಾಸಿಗೆ ಹಿಡಿಸಬೇಡಿ, ದಿನವೂ ಚೆನ್ನಾಗಿ ಸ್ಟ್ರೆಚ್ ಮಾಡಿಸಿ.

ಕ್ರೀಡಾ ಫಿಸಿಯೊಥೆರಪಿಸ್ಟ್, ಶಿವಮೊಗ್ಗ: ಸದ್ಯಕ್ಕೆ ವೇಗವಾಗಿ ಓಡಿಸಬೇಡಿ. ಮೇಷ್ಟ್ರು ಹೇಳಿದಂತೆ ಹಾಸಿಗೆ ಹಿಡಿಸಬಾರದು ಎಂಬುದು ಸರಿ, ಆದರೆ ಬ್ರಿಟಿಷ್ ಅಥ್ಲೆಟಿಕ್ಸ್ ವರ್ಗೀಕರಣದಲ್ಲಿ ಅಂಕಿಯಷ್ಟೇ ಅದರ ಪಕ್ಕದ ಅಕ್ಷರವೂ ಮುಖ್ಯ. ‘ಎ’ ಎಂದರೆ ಗಾಯ ಸ್ನಾಯುವಿನ ಹೊರಪದರದ ಬಳಿ, ‘ಬಿ’ ಎಂದರೆ ಸ್ನಾಯು ತನ್ನನ್ನು ಮೂಳೆಗೆ ಕಟ್ಟುವ ಹುರಿಯಾದ ಟೆಂಡನ್‌ಗೆ ಸೇರುವಲ್ಲಿ, ‘ಸಿ’ ಎಂದರೆ ಟೆಂಡನ್ನಿನ ಒಳಗೇ. ತಮ್ಮ ಮಗನ ವರದಿಯಲ್ಲಿ ತೊಡೆಯ ಹಿಂಭಾಗದ ಸ್ನಾಯುವಾದ ಬೈಸೆಪ್ಸ್ ಫೆಮೊರಿಸ್‌ನ ಉದ್ದನೆಯ ತಲೆ ಎಂಬ ಭಾಗದಲ್ಲಿ ಏಳು ಸೆಂಟಿಮೀಟರ್ ಬಾವು ಇದೆ, ಒಳಗಿನ ಟೆಂಡನ್ ಮೂರು ಸೆಂಟಿಮೀಟರ್‌ನಷ್ಟು ಹರಿದಿದೆ. ನೋವು ಬೇಗ ಅಡಗಿದರೂ ಟೆಂಡನ್ ಬಲಗೊಳ್ಳಲು ಹೆಚ್ಚು ಕಾಲ ಬೇಕು. ‘ಸಿ’ ಗಾಯ ಮರುಕಳಿಸುವುದೂ ಇದರಿಂದಲೇ ಹೆಚ್ಚು.

ಓಟದಲ್ಲಿ ಈ ಸ್ನಾಯು ಹರಿಯುವುದು ಹೆಚ್ಚಾಗಿ ಮುಂದಕ್ಕೆ ಚಾಚಿದ ಕಾಲು ನೆಲ ಮುಟ್ಟುವ ತುಸು ಮೊದಲು, ಸ್ನಾಯು ಉದ್ದವಾಗುತ್ತಲೇ ಕಾಲಿಗೆ ಬ್ರೇಕ್ ಹಾಕುವಾಗ. ಆದ್ದರಿಂದ ಮೊದಲು ನೋವಿಲ್ಲದಂತೆ ಬೆನ್ನ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಡ್ಜ್ ಮಾಡಿ ಹಾಗೇ ಹಿಡಿದಿರುವುದು, ಬಳಿಕ ನಿಧಾನ ಜಾಗಿಂಗ್. ಸ್ನಾಯುವನ್ನು ಪೂರ್ತಿ ಉದ್ದಕ್ಕೆ ಎಳೆಯುವ ಭಾರದ ವ್ಯಾಯಾಮಗಳನ್ನು ಮತ್ತು ಜೋರು ಸ್ಟ್ರೆಚ್ಚನ್ನು ಟೆಂಡನ್ ಗಾಯದಲ್ಲಿ ತಡವಾಗಿಯೇ ಸೇರಿಸುತ್ತೇನೆ.

ಕಬಡ್ಡಿ ಆಟಗಾರ, ಸಾಗರ: ನನಗೂ ಇದೇ ಇದೆ, ಕುಳಿತರೆ ತೊಡೆಯಿಂದ ಪಾದದವರೆಗೂ ಜುಮ್ಮೆನ್ನುತ್ತದೆ.

ಫಿಸಿಯೊಥೆರಪಿಸ್ಟ್: ಪಾದದವರೆಗೆ ಜುಮ್ಮೆನ್ನುವುದು ಸ್ನಾಯು ಹರಿದಿದ್ದರ ಲಕ್ಷಣವಲ್ಲ. ಸೊಂಟದಿಂದ ಇಳಿಯುವ ನರವನ್ನು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.

ತಂದೆ: ಹಾಗಾದರೆ ಮತ್ತೊಮ್ಮೆ ಎಂಆರ್‌ಐ ಮಾಡಿಸಿ, ಚಿತ್ರದಲ್ಲಿ ಕಾಣುವ ಬಾವಿನ ಬಿಳುಪು ಹೋದ ಮೇಲೆ ಓಡಿಸಲೇ?

ಫಿಸಿಯೊಥೆರಪಿಸ್ಟ್: ಅದಕ್ಕಾಗಿ ಕಾಯಬೇಡಿ. ಗುಣವಾಗಿ ಆಟಕ್ಕೆ ಮರಳಿದ ಬಹುಪಾಲು ಆಟಗಾರರಲ್ಲೂ ಆ ಬಿಳುಪು ಉಳಿದೇ ಇರುತ್ತದೆ. ನಾನು ನೋಡುವುದು ಇಷ್ಟು: ಗಾಯದ ಜಾಗವನ್ನು ಒತ್ತಿದರೆ ನೋವಿರಬಾರದು, ಎರಡೂ ಕಾಲು ಸಮವಾಗಿ ಚಾಚಬೇಕು, ಬಲದ ವ್ಯತ್ಯಾಸ 10 ಶೇಕಡಾದೊಳಗಿರಬೇಕು. ಇವೆಲ್ಲ ಸರಿಯಾದ ಮೇಲೆಯೇ ಆಸ್ಕ್ಲಿಂಗ್ ಎಚ್-ಪರೀಕ್ಷೆ. ಬೆನ್ನ ಮೇಲೆ ಮಲಗಿಸಿ, ಇನ್ನೊಂದು ಕಾಲನ್ನು ಕಟ್ಟಿ, ಗಾಯದ ಕಾಲಿನ ಮಂಡಿ ಮಡಚದಂತೆ ಪಟ್ಟಿ ಹಾಕಿ, ಆ ಕಾಲನ್ನು ಆದಷ್ಟು ವೇಗವಾಗಿ ಮೇಲೆತ್ತಿಸುತ್ತೇವೆ. ನೋವಿಲ್ಲದಿದ್ದರೂ ‘ಧೈರ್ಯ ಸಾಲದು’ ಎಂದು ಹುಡುಗ ಹೇಳಿದರೆ ಇನ್ನೂ ಸಮಯವಾಗಿಲ್ಲ ಎಂದೇ ತಿಳಿಯುತ್ತೇನೆ. ಓಟವನ್ನು 60, 70, 80 ಶೇಕಡಾ ಎಂದು ಏರಿಸುತ್ತಾ, ಮರುದಿನ ಬೆಳಿಗ್ಗೆ ಬಿಗಿತವಿಲ್ಲದಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

ಓಟದ ತರಬೇತುದಾರ, ಶಿವಮೊಗ್ಗ: ನನ್ನ ಹುಡುಗಿಯೊಬ್ಬಳು 2ಸಿ ಇದ್ದೂ ಐದನೇ ವಾರದಲ್ಲೇ ಪೂರ್ಣ ವೇಗಕ್ಕೆ ಬಂದಳು.

ಫಿಸಿಯೊಥೆರಪಿಸ್ಟ್: ಸಾಧ್ಯ. ಆದರೆ ಒಬ್ಬಳ ಲೆಕ್ಕವನ್ನು ಇವನಿಗೆ ಹಾಕಲಾರೆ. ನಾನು ಆರರಿಂದ ಎಂಟು ವಾರ ಎಂದುಕೊಂಡಿದ್ದೇನೆ, ಕೈಯಾರೆ ಪರೀಕ್ಷಿಸಿದ ಬಳಿಕ ಅದು ಬದಲಾಗಬಹುದು.

ತಂದೆ: ಮುಂದಿನ ತಿಂಗಳ ಕೂಟಕ್ಕೆ ಹೆಸರು ಕೊಟ್ಟಿದ್ದೇವೆ. ಸೋಮವಾರ ಕರೆತರುತ್ತೇನೆ ಮೇಡಂ.

ಫಿಸಿಯೊಥೆರಪಿಸ್ಟ್: ಎಂಆರ್‌ಐ ಸಿ.ಡಿ. ತನ್ನಿ, ಬರೀ ವರದಿಯ ಕಾಗದ ಸಾಲದು.