ಸಹಾಯ ಬೇಕು: ಲೀಡರ್‌ಬೋರ್ಡ್‌ನಲ್ಲಿ ಅಸಾಧ್ಯವಾದ ಅಂಕಗಳು

ಎಲ್ಲರಿಗೂ ನಮಸ್ಕಾರ. ನಾನು ರೂಪಿಸಿದ, ಬ್ರೌಸರ್‌ನಲ್ಲಿ ಆಡುವ ಪದ ಜೋಡಿಸುವ ಆಟ 60 ಸೆಕೆಂಡಿನದು. ಪದಕ್ಕೆ 10 ಅಂಕ. ಪ್ರತಿ ಪದಕ್ಕೂ ಕನಿಷ್ಠ ಅರ್ಧ ಸೆಕೆಂಡ್ ಹಿಡಿಯುವುದರಿಂದ 1200 ದಾಟಲು ಸಾಧ್ಯವೇ ಇಲ್ಲ. ಆದರೂ ಪಟ್ಟಿಯಲ್ಲಿ 9999999 ಇದೆ, 10ರಿಂದ ಭಾಗವಾಗದ 1187 ಕೂಡ ಇದೆ. ಅಂಕವನ್ನು ಬ್ರೌಸರ್ ಲೆಕ್ಕ ಹಾಕಿ ಕಳಿಸುವುದರಿಂದ, ಆ ವಿನಂತಿಯನ್ನು ಯಾರು ಬೇಕಾದರೂ ತಿದ್ದಬಹುದಾಗಿದೆ. ಈಗ ಸರ್ವರ್‌ನಲ್ಲಿ ಈ ಪರೀಕ್ಷೆ ಸೇರಿಸಿದ್ದೇನೆ:

```
Number.isInteger(score) && score >= 0 &&
score <= 1200 && score % 10 === 0
```

ಇದರ ಜೊತೆಗೆ, ಆಟ ಶುರುವಾದಾಗ ಸರ್ವರ್ ಒಂದು ಟೋಕನ್ ಕೊಟ್ಟು ವೇಳೆಯನ್ನು ದಾಖಲಿಸುತ್ತದೆ. ಅಂಕ ಬಂದಾಗ 60 ಸೆಕೆಂಡ್ ಕಳೆದಿದೆಯೇ, ಅದೇ ಟೋಕನ್ ಹಿಂದೆ ಬಳಕೆಯಾಗಿದೆಯೇ ಎಂದು ನೋಡುತ್ತದೆ. ಆದರೆ ಒಂದು ನಿಮಿಷ ಸುಮ್ಮನೆ ಕಾದು 1150 ಎಂದು ಕಳಿಸಿದವರನ್ನು ಇದು ತಡೆಯುವುದಿಲ್ಲ. ಪ್ರಾಮಾಣಿಕವಾಗಿ ಆಡಿದವರಿಗೆ ನಿಜವಾದ ಅನ್ಯಾಯ ಆಗುವುದು ಇಲ್ಲಿಯೇ. ಹಾಗಾಗಿ ಅಂಕದ ಬದಲು ಪದಗಳನ್ನೇ ತರಿಸಿಕೊಂಡು ಸರ್ವರ್‌ನಲ್ಲಿಯೇ ಎಣಿಸುವ ಯೋಚನೆಯಿದೆ. ಪದಗಳನ್ನು ಆಟದ ಕೊನೆಗೆ ಒಟ್ಟಿಗೆ ಪಡೆಯುವುದು ಸಾಕೇ, ಅಥವಾ ಸರ್ವರ್‌ನ ಗಡಿಯಾರವೇ ಅಂತರವನ್ನು ಅಳೆಯುವಂತೆ ಒಂದೊಂದಾಗಿ ಪಡೆಯಬೇಕೇ? ನಿಧಾನವಾದ ಮೊಬೈಲ್ ನೆಟ್‌ವರ್ಕ್‌ನಲ್ಲಿ ಆಡುವವರಿಗೆ ತೊಂದರೆಯಾಗದಂತೆ ಇದನ್ನು ಮಾಡಿದವರು ದಯವಿಟ್ಟು ತಿಳಿಸಿ.