ಹೊಸ ಗ್ಯಾಸ್ಕೆಟ್ ಹಾಕಿಸಿದ್ರೂ ಫ್ರಿಜ್ ಬಾಗಿಲು ತಾನಾಗೇ ತೆರ್ಕೊಳ್ತಿದೆ!

ಸುಮಾ_ಕೆ
ಸಿಂಗಲ್ ಡೋರ್ ಫ್ರಿಜ್. ಬಾಗಿಲು ಮುಚ್ಚಿ ಆಚೆ ಬಂದ್ರೆ ಮತ್ತೆ ಒಂದು ಇಂಚು ತೆರೆದಿರುತ್ತೆ. ಫ್ರೀಜರ್ ತುಂಬ ಐಸ್ ಗಟ್ಟಿ. ಮೆಕ್ಯಾನಿಕ್ ಗ್ಯಾಸ್ಕೆಟ್ ಬದಲಾಯಿಸಿ ದುಡ್ಡು ತಗೊಂಡು ಹೋದ, ಕಥೆ ಮಾತ್ರ ಹಾಗೇ ಇದೆ. ಏನು ಮಾಡೋದು?

ಗಿರಿ_ಹಾಸನ
ಹೊಸ ಗ್ಯಾಸ್ಕೆಟ್ ಮಡಚಿಟ್ಟ ಪ್ಯಾಕಿಂಗ್‌ನಲ್ಲಿ ಬರುತ್ತೆ, ಮೂಲೆಗಳು ಸೊಟ್ಟಗಿರುತ್ತವೆ. ಹೇರ್ ಡ್ರೈಯರ್ ಹಿಡಿದು ಮೆತ್ತಗೆ ಮಾಡಿ, ಬಾಗಿಲು ಮುಚ್ಚಿ ರಾತ್ರಿಯಿಡೀ ಟೇಪ್ ಹಚ್ಚಿಡಿ.

ಕೀಲೆಣ್ಣೆ
ಗ್ಯಾಸ್ಕೆಟ್ ಸೊಟ್ಟಗಿದ್ರೆ ಸಂದಿ ಬಿಡುತ್ತೆ. ಬಾಗಿಲು ಒಂದು ಇಂಚು ಆಚೆ ಬರಬೇಕು ಅಂದ್ರೆ ಬೇರೆ ಕಾರಣ ಇರುತ್ತೆ. ಸುಮಾ ಅವರೇ, ಫ್ರಿಜ್ ನೆಲದ ಮೇಲಿದೆಯಾ, ಸ್ಟ್ಯಾಂಡ್ ಮೇಲಿದೆಯಾ? ಬಾಗಿಲನ್ನ ಪೂರ್ತಿ 90 ಡಿಗ್ರಿ ತೆರೆದು ಬಿಟ್ರೆ ಎತ್ತ ಹೋಗುತ್ತೆ?

ಗಿರಿ_ಹಾಸನ
ಮೊದಲು ಕಾಗದದ ಟೆಸ್ಟ್ ಮಾಡಿ. ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದಾಗ ಸಲೀಸಾಗಿ ಬಂದ್ರೆ ಗ್ಯಾಸ್ಕೆಟ್ಟೇ. ಲೋಕಲ್ ಗ್ಯಾಸ್ಕೆಟ್‌ನಲ್ಲಿ ಮ್ಯಾಗ್ನೆಟ್ ವೀಕ್ ಇರುತ್ತೆ.

ಡಬಲ್_ಡೋರ್_ದೊರೆ
ನಮ್ಮದು ಸೈಡ್ ಬೈ ಸೈಡ್, ಬಾಗಿಲು ತೆರೆದಿದ್ರೆ ಅದೇ ಬೀಪ್ ಹೊಡೆಯುತ್ತೆ. ಒಂದು ಅಲಾರಂ ಹಾಕಿಸ್ಕೊಳ್ಳಿ.

ಕೀಲೆಣ್ಣೆ
ದೊರೆಗಳೇ, ಬಾಗಿಲು ತೆರೆದಿದೆ ಅಂತ ಅವರಿಗೆ ಗೊತ್ತಿದೆ.

ಸುಮಾ_ಕೆ
ಸ್ಟ್ಯಾಂಡ್ ಮೇಲೆ ಇದೆ, ಎಲ್ಲರ ಮನೇಲೂ ಇರುತ್ತಲ್ಲ ಪ್ಲಾಸ್ಟಿಕ್‌ದು. ಈ ಮನೆಗೆ ಬಂದಮೇಲೆ ತಗೊಂಡಿದ್ದು. 90 ಡಿಗ್ರಿ ತೆರೆದು ಬಿಟ್ರೆ ಅಲ್ಲೇ ನಿಲ್ಲುತ್ತೆ. ಸ್ವಲ್ಪ ಮಾತ್ರ ತೆರೆದು ಬಿಟ್ರೆ ಮುಂದಕ್ಕೆ ಬರುತ್ತೆ. ಬಾಗಿಲಲ್ಲಿ ಎರಡು ಲೀಟರಿನ ನೀರಿನ ಬಾಟಲ್ ಮೂರಿವೆ.

ಕೀಲೆಣ್ಣೆ
ಮನೆ ಬದಲಾಗಿದ್ದನ್ನ ಮೊದಲೇ ಹೇಳಬಾರದಿತ್ತೇ! ಫ್ರಿಜ್ ಮುಂದಕ್ಕೆ ವಾಲಿದೆ. ತೂಗಾಡುವ ಬಾಗಿಲು ಯಾವತ್ತೂ ತಗ್ಗಿನ ಕಡೆಗೇ ಹೋಗೋದು. ಮುಚ್ಚುವ ಹಂತದಲ್ಲಿ ಹಿಂದೆ-ಮುಂದೆ ವಾಲಿಕೆಯ ಎಳೆತ ಜಾಸ್ತಿ, 90 ಡಿಗ್ರಿಯಲ್ಲಿ ಎಡ-ಬಲ ವಾಲಿಕೆಯದ್ದು ಜಾಸ್ತಿ. ನಿಮ್ಮದು 90ರಲ್ಲಿ ನಿಲ್ಲುತ್ತೆ, ಹಾಗಾಗಿ ಅಕ್ಕಪಕ್ಕ ಸರಿಯಿದೆ.

ಬಾಟಲಿಗಳದ್ದೂ ಪಾಲಿದೆ. ಆರು ಕೆ.ಜಿ. ಭಾರ ಬಾಗಿಲು ತೆರೆದಾಗ ಮುಂಗಾಲುಗಳಿಗಿಂತ ಆಚೆ ನೇತಾಡುತ್ತೆ. ಆಗ ಪ್ಲಾಸ್ಟಿಕ್ ಸ್ಟ್ಯಾಂಡಿನ ಮುಂಭಾಗ ಕುಸಿದು ಇಳಿಜಾರು ಇನ್ನೂ ಹೆಚ್ಚುತ್ತೆ. ಬಾಟಲ್ ತೆಗೆದು ನೋಡಿ. ಮೊಬೈಲ್‌ನ ಕವರ್ ಬಿಚ್ಚಿ, ಫ್ರಿಜ್ ತಲೆ ಮೇಲೆ ಮುಖ ಕೆಳಗೆ ಮಾಡದೆ ಅಂಚಿನ ಮೇಲೆ ನಿಲ್ಲಿಸಿ ಲೆವೆಲ್ ಆ್ಯಪ್‌ನಲ್ಲಿ ಅಳೆಯಿರಿ. ಹಿಂದುಮುಂದು ತಿರುಗಿಸಿ ಮತ್ತೊಮ್ಮೆ ಅಳೆಯಿರಿ, ಇಲ್ಲದಿದ್ರೆ ಫೋನಿನ ದೋಷ ಸೇರ್ಕೊಳ್ಳುತ್ತೆ. ಮೇಸ್ತ್ರಿಯ ರಸಮಟ್ಟ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಸುಮಾ_ಕೆ
ಬಾಟಲ್ ತೆಗೆದ್ರೆ ನಿಧಾನಕ್ಕೆ ಬರುತ್ತೆ, ಆದ್ರೂ ಬರುತ್ತೆ. ಆ್ಯಪ್‌ನಲ್ಲಿ ಎರಡೂ ಸಲ ಮುಂದಕ್ಕೆ 0.6 ಡಿಗ್ರಿ ತಗ್ಗು. ನೆಲ ಸಿಂಕ್ ಕಡೆಗೆ ಇಳಿಜಾರಿದೆ.

ಕೀಲೆಣ್ಣೆ
60 ಸೆಂ.ಮೀ. ಆಳದ ಫ್ರಿಜ್‌ಗೆ ಅದು ಹತ್ತಿರತ್ತಿರ 6 ಮಿ.ಮೀ. ತಗ್ಗು. ಸಮ ಮಾಡಿದ್ರೆ ಸಾಲದು, ಮುಂಭಾಗ ಇನ್ನೊಂದು 5–6 ಮಿ.ಮೀ. ಎತ್ತರ ಇರಬೇಕು. ಒಟ್ಟು 12. ಫ್ರಿಜ್ ನೆಲದ ಮೇಲಿದ್ದಿದ್ರೆ ಮುಂಗಾಲಿನ ಸ್ಕ್ರೂ ತಿರುಗಿಸಿದ್ರೆ ಆಯ್ತು, ಸುತ್ತಿಗೆ ಒಂದೂವರೆ ಮಿ.ಮೀ. ಏರುತ್ತೆ ಅಂದ್ಕೊಂಡ್ರೆ ಎಂಟು ಸುತ್ತು. ಸ್ಟ್ಯಾಂಡಿನ ಕುಳಿಯಲ್ಲಿ ಕಾಲು ಕೂತಿದ್ರೆ ಕೈ ಹೋಗಲ್ಲ. ಸಾಮಾನೆಲ್ಲ ಇಳಿಸಿ, ಒಬ್ಬರು ಫ್ರಿಜ್ಜನ್ನ ಹಿಂದಕ್ಕೆ ವಾಲಿಸಿ ಹಿಡಿದಾಗ ಸ್ಟ್ಯಾಂಡಿನ ಎರಡೂ ಮುಂಗಾಲಿನ ಕೆಳಗೆ 12 ಮಿ.ಮೀ. ಪ್ಲೈವುಡ್ ತುಂಡು ಕೊಡಿ. ರಟ್ಟು ಬೇಡ, ನೆನೆದು ಕುಸಿಯುತ್ತೆ. ನಾಲ್ಕೂ ಕಾಲು ಊರಿವೆಯಾ ಅಂತ ಅಲುಗಾಡಿಸಿ ನೋಡಿ. ಒಂದು ಕಾಲು ತೇಲಿದ್ರೂ ಡಬ್ಬವೇ ಓರೆಯಾಗುತ್ತೆ.

ರಾಘು_ಎಲೆಕ್ಟ್ರಿಕಲ್
ಸ್ಟ್ಯಾಂಡೇ ಬೇಡ, ಎಸೀರಿ. ಅದರಿಂದ ಲಾಭ ಅಂಗಡಿಯವನಿಗೆ ಮಾತ್ರ.

ಗಿರಿ_ಹಾಸನ
ಅಡುಗೆಮನೆ ತೊಳೆದಾಗ ಫ್ರಿಜ್ ಬುಡಕ್ಕೆ ನೀರು ನುಗ್ಗಿ ತುಕ್ಕು ಹಿಡಿದ್ರೆ ನೀವು ಬರ್ತೀರಾ? ಸ್ಟ್ಯಾಂಡ್ ಇರಲಿ, ಕಬ್ಬಿಣದ್ದು ತಗೊಳ್ಳಿ.

ರಾಘು_ಎಲೆಕ್ಟ್ರಿಕಲ್
ಕಬ್ಬಿಣದ ಸ್ಟ್ಯಾಂಡ್ ತುಕ್ಕು ಹಿಡಿಯಲ್ವಾ ಸ್ವಾಮಿ?

ಸುಮಾ_ಕೆ
ಪ್ಲೈವುಡ್ ಕೊಟ್ಟಾಯ್ತು. ಈಗ ಅರ್ಧ ತೆರೆದು ಬಿಟ್ರೆ ತಾನೇ ಹೋಗಿ ಮುಚ್ಕೊಳ್ತಿದೆ 🙏 ಬಾಗಿಲಲ್ಲಿ ಒಂದೇ ಬಾಟಲ್ ಇಟ್ಟಿದ್ದೀನಿ. ಆದ್ರೆ ಹಿಡಿಯಿರುವ ಕಡೆ ಮೇಲಿನ ಮೂಲೆಯಲ್ಲಿ ಕಾಗದ ಈಗಲೂ ಜಾರುತ್ತೆ.

ಗಿರಿ_ಹಾಸನ
ಹೇಳಿದ್ನಲ್ಲ, ಗ್ಯಾಸ್ಕೆಟ್!

ಕೀಲೆಣ್ಣೆ
ಇರಬಹುದು. ಭಾರಕ್ಕೆ ಬಾಗಿಲು ಜೋತಿದ್ರೂ ಹೀಗಾಗುತ್ತೆ. ಬಾಗಿಲ ಮೇಲಂಚು ಫ್ರಿಜ್ ಮೇಲಂಚಿಗೆ ಸಮಾನಾಂತರ ಇದೆಯಾ ನೋಡಿ. ಹಿಡಿ ಕಡೆ ತಗ್ಗಿದ್ರೆ ಮೇಲಿನ ಹಿಂಜ್‌ನ ಬೋಲ್ಟ್ ಸಡಿಲಿಸಿ, ಒಬ್ಬರು ಬಾಗಿಲನ್ನ ಎತ್ತಿ ಹಿಡಿದಾಗ ಬಿಗಿ ಮಾಡಿ. ಸಮ ಇದ್ರೆ ಗಿರಿಯವರ ಹೇರ್ ಡ್ರೈಯರ್ ಹಿಡೀರಿ. ಒಂದೇ ಕಡೆ ನಿಲ್ಲಿಸಬೇಡಿ, ರಬ್ಬರ್ ಸುಟ್ಟುಹೋಗುತ್ತೆ.

ಮೈಸೂರು_ಮಲ್ಲಿಗೆ
ನಮ್ಮ ಡಬಲ್ ಡೋರ್‌ನಲ್ಲಿ ಕೆಳಗಿನ ಬಾಗಿಲು ಜೋರಾಗಿ ಹಾಕಿದ್ರೆ ಮೇಲಿನ ಫ್ರೀಜರ್ ಬಾಗಿಲು ಪಕ್ ಅಂತ ತೆರ್ಕೊಳ್ಳುತ್ತೆ. ಇದಕ್ಕೂ ಪ್ಲೈವುಡ್ಡಾ?

ಕೀಲೆಣ್ಣೆ
ಇಲ್ಲ, ಅದು ಒಳಗಿನ ಗಾಳಿಯ ಒತ್ತಡ. ತೆರೆದ ಬಾಗಿಲು ತಾನೇ ವಾಪಸ್ ಕೂತ್ಕೊಳ್ಳುತ್ತಾ, ಇಲ್ಲಾ ಹಾಗೇ ಉಳಿಯುತ್ತಾ? ಬೇರೆ ಚರ್ಚೆ ಶುರು ಮಾಡಿ ಅಲ್ಲಿ ಬರೀರಿ.

ಡಬಲ್_ಡೋರ್_ದೊರೆ
ನಮ್ಮದಕ್ಕೆ ಅದೂ ಆಗಲ್ಲ.