ಆಲೆಮನೆ ಆ್ಯಪ್‌ಗೆ ಓಟಿಪಿ: ಮೆಸೇಜೋ, ಕಾಲೋ?

ಮಂಡ್ಯದಿಂದ ಕೇಳಿದ್ದು: ಆಲೆಮನೆಗೆ ಕಬ್ಬು ತರೋ ಸರದಿ ಬುಕ್ ಮಾಡೋ ಆ್ಯಪ್ ಮಾಡ್ತಿದ್ದೀನಿ. ಸೈನ್‌ಅಪ್‌ಗೆ ಎಸ್ಸೆಮ್ಮೆಸ್ ಓಟಿಪಿ ಇಡ್ಲಾ, ಕಾಲ್ ಮಾಡಿ ನಂಬರ್ ಓದಿಸ್ಲಾ? ಅರ್ಧ ರೈತರಿಗೆ ಮೆಸೇಜ್ ಓದೋಕೇ ಬರಲ್ಲ. ಮಾಡಿ ನೋಡಿದವ್ರು ಹೇಳಿ.

ಮೈಸೂರು ಹೆಬ್ಬಾಳದ ಬ್ಯಾಕೆಂಡ್‌ನವನು: ಓದೋಕೆ ಬರಲ್ಲ ಅನ್ನೋ ಕಾರಣಕ್ಕೇ ನಾನು ಮೆಸೇಜ್ ಮೊದಲು ಇಡ್ತೀನಿ. ಆಂಡ್ರಾಯ್ಡ್‌ನಲ್ಲಿ SMS Retriever ಹಾಕಿದ್ರೆ ಆ್ಯಪ್ ತಾನೇ ಅಂಕಿ ಎತ್ಕೊಳ್ಳುತ್ತೆ. ರೈತ ಏನೂ ಓದ್ಬೇಕಿಲ್ಲ, ಮೆಸೇಜ್ ಅನುಮತಿನೂ ಕೇಳ್ಬೇಕಿಲ್ಲ. ಮೆಸೇಜ್ ಹೀಗಿರ್ಬೇಕು:

```
482913 ನಿಮ್ಮ ಓಟಿಪಿ. ಯಾರಿಗೂ ಹೇಳಬೇಡಿ
FA+9qCX9VSu
```

ಕೊನೆಯ 11 ಅಕ್ಷರ ನಿಮ್ಮ ಆ್ಯಪ್‌ನ ಗುರುತು. ನಾನು ಎಡವಿದ್ದು ಇಲ್ಲೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಸೈನ್ ಮಾಡೋ ಕೀಯಿಂದ ತೆಗೆದ ಗುರುತು ಹಾಕಿದ್ದೆ. ಪ್ಲೇ ಸ್ಟೋರ್ ತನ್ನ ಕೀಯಲ್ಲಿ ಸೈನ್ ಮಾಡಿ ಕೊಡುತ್ತಲ್ಲ, ಗುರುತು ಬೇರೆಯಾಯ್ತು. ಆಫೀಸಲ್ಲಿ ಸರಾಗ, ಊರಲ್ಲಿ ಒಬ್ಬರಿಗೂ ತುಂಬ್ಕೊಳ್ಲಿಲ್ಲ. ಮೆಸೇಜ್ ಬಂದಿದೆ, ಆ್ಯಪ್ ಸುಮ್ಮನೆ ಕೂತಿದೆ ಅಂದ್ರೆ ಮೊದ್ಲು ಇದನ್ನೇ ನೋಡಿ. ಮೆಸೇಜ್ ನಮೂನೆನ ಟೆಲಿಕಾಂ ಕಂಪನಿ ಹತ್ರ ಮೊದ್ಲೇ ನೋಂದಾಯಿಸ್ತೀವಲ್ಲ, ಆ ಡಿಎಲ್‌ಟಿ ಟೆಂಪ್ಲೇಟ್‌ನಲ್ಲೂ ಅದೇ ಗುರುತು ಇರ್ಬೇಕು. ಟೆಂಪ್ಲೇಟ್‌ಗೂ ಕಳಿಸಿದ್ದಕ್ಕೂ ಹೊಂದಿಲ್ಲ ಅಂದ್ರೆ ಮೆಸೇಜ್ ಅಲ್ಲೇ ನಿಲ್ಲುತ್ತೆ.

ಇನ್ನೊಂದು, ಕನ್ನಡ ಮೆಸೇಜ್‌ಗೆ 70 ಅಕ್ಷರ ಮಾತ್ರ. ‘ನಿಮ್ಮ’ ಕಣ್ಣಿಗೆ ಎರಡೇ ಅಕ್ಷರ, ಲೆಕ್ಕದಲ್ಲಿ ಐದು. ಮೇಲಿನದು 46 ಆಯ್ತು, ಆ್ಯಪ್ ಹೆಸರಿಗೆ 24 ಉಳೀತು.

ಮದ್ದೂರಿನ ವಿದ್ಯಾರ್ಥಿ: ಇಷ್ಟೆಲ್ಲ ಯಾಕೆ ಅಣ್ಣ? ಮಿಸ್ಡ್ ಕಾಲ್ ಕೊಟ್ಬಿಡಿ. ಬಂದ ನಂಬರಿನ ಕೊನೇ ಅಂಕಿಗಳೇ ಓಟಿಪಿ, ಆ್ಯಪೇ ಓದ್ಕೊಳ್ಳುತ್ತೆ. ಡಿಎಲ್‌ಟಿ ಕಾಟನೂ ಇಲ್ಲ.

ಹೆಬ್ಬಾಳದವನು: ಮೆಸೇಜ್ ಟೆಂಪ್ಲೇಟ್ ಬೇಡ, ಅಷ್ಟು ನಿಜ. ಆದ್ರೆ ಆ್ಯಪ್ ತಾನೇ ಓದ್ಬೇಕಾದ್ರೆ ಕಾಲ್ ಲಾಗ್ ಅನುಮತಿ ಬೇಕಲ್ಲಪ್ಪ. ಅದನ್ನ ಪ್ಲೇ ಸ್ಟೋರ್ ಸುಲಭಕ್ಕೆ ಬಿಡಲ್ಲ. ಟ್ರಾಯ್‌ನ 2018ರ ನಿಯಮ ಕಾಲ್‌ಗಳಿಗೂ ಇದೆ, ಮೆಸೇಜ್‌ಗೆ ಮಾತ್ರ ಅಲ್ಲ.

ನಂಜನಗೂಡಿನ ಅಂಗಡಿಯವರು: ನಮ್ಮಪ್ಪಂಗೂ ಬ್ಯಾಂಕ್ ಓಟಿಪಿ ಬರ್ತಿರ್ಲಿಲ್ಲ ಸ್ವಾಮಿ. ಕೀಪ್ಯಾಡ್ ಫೋನು, ಇನ್‌ಬಾಕ್ಸ್ ತುಂಬೋಗಿತ್ತು. ಹಳೇದೆಲ್ಲ ಅಳಿಸಿದ್ಮೇಲೆ ಬಂತು. ಕಾಲ್ ಮಾತ್ರ ಇಡ್ಬೇಡಿ, ಗೊತ್ತಿಲ್ಲದ ನಂಬರ್ ಬಂದ್ರೆ ಮೋಸದವರು ಅಂತ ಅವ್ರು ಎತ್ತೋದೇ ಇಲ್ಲ.

ಪಾಂಡವಪುರ, ಊರೂರು ತಿರುಗಿ ಸೈನ್‌ಅಪ್ ಮಾಡಿಸಿದವಳು: ಅದಕ್ಕೇ ಕಾಲ್ ಮಾಡೋ ಮುಂಚೆ ಪರದೆ ಮೇಲೆ ‘ಈಗ ಕಾಲ್ ಬರುತ್ತೆ, ಎತ್ತಿ’ ಅಂತ ಧ್ವನಿಯಲ್ಲೇ ಹೇಳಿಸಿ. ನಾವು ಹಾಲಿನ ಲೆಕ್ಕದ ಆ್ಯಪ್‌ಗೆ ಎರಡೂ ಇಟ್ಟಿದ್ವಿ. 15 ಸೆಕೆಂಡಿಗೇ ‘ಕಾಲ್ ಮಾಡಿ’ ಬಟನ್ ಕಾಣ್ತಿತ್ತು, ಒತ್ತಿದ ತಕ್ಷಣ ಹೊಸ ಓಟಿಪಿ ಹುಟ್ತಿತ್ತು. ಒಂದಿನ ಒಬ್ರು ಯಜಮಾನ್ರು ಕಾಲ್ ಎತ್ತೋಷ್ಟರಲ್ಲಿ ತಡವಾದ ಮೆಸೇಜೂ ಬಂತು. ಕಣ್ಣೆದುರಿಗೆ ಇದ್ದ ಮೆಸೇಜ್ ಅಂಕಿನೇ ಒತ್ತಿದ್ರು. ತಪ್ಪು. ಇನ್ನೊಮ್ಮೆ ಬಟನ್, ಇನ್ನೊಂದು ಓಟಿಪಿ, ಮತ್ತೆ ತಪ್ಪು. ಮೂರನೇ ಸಲಕ್ಕೆ ಲಾಕ್. ‘ನಿಮ್ ಆ್ಯಪೇ ಸರಿಯಿಲ್ಲ ಕಣವ್ವ’ ಅಂದ್ರು, ಸರಿಯಾಗೇ ಹೇಳಿದ್ರು. ‘ತಪ್ಪು’ ಅಂತ ತಿರಸ್ಕಾರ ಆದ ಅಂಕಿಗಳನ್ನ ಆಮೇಲೆ ನಮ್ಮ ಹುಡುಗರು ಹಿಂದಿನ ಓಟಿಪಿ ಜೊತೆ ಹೋಲಿಸಿ ನೋಡಿದ್ರು. ಬಹುಪಾಲು ಅವೇ ಆಗಿದ್ವು. ಆಮೇಲೆ ಐದು ನಿಮಿಷ ಒಂದೇ ಓಟಿಪಿ, ಮೆಸೇಜ್‌ಗೂ ಕಾಲ್‌ಗೂ ಅದೇ ಅಂತ ಮಾಡಿದ್ವಿ. ಬಟನ್ 40 ಸೆಕೆಂಡ್ ಆದ್ಮೇಲೆ.

ಕಾಲ್ ಬಂದಾಗ ಆ್ಯಪ್ ಹಿಂದಕ್ಕೆ ಹೋಗುತ್ತೆ, ಅದನ್ನೂ ನೋಡ್ಕೊಳ್ಳಿ. ಕಡಿಮೆ ರ‍್ಯಾಮ್ ಫೋನಲ್ಲಿ ವಾಪಸ್ ಬಂದ್ರೆ ಮೊದಲ ಪರದೆ, ನಂಬರ್ ಮತ್ತೆ ಹಾಕು ಅನ್ನುತ್ತೆ. ಯಾವ ಹಂತದಲ್ಲಿದ್ರು ಅನ್ನೋದನ್ನ ಫೋನಲ್ಲೇ ಉಳಿಸಿಡಿ.

ಮಂಡ್ಯ: ಹಾಗಾದ್ರೆ ಮೆಸೇಜ್ ಮೊದ್ಲು, 40 ಸೆಕೆಂಡ್ ಆದ್ಮೇಲೆ ಕಾಲ್. ಕಾಲ್‌ನಲ್ಲಿ ‘ನಾಲ್ಕು, ಎಂಟು, ಎರಡು’ ಅಂತ ಕನ್ನಡದಲ್ಲೇ ಓದಿಸ್ತೀನಿ.

ಪಾಂಡವಪುರ: ನಾವೂ ಹಾಗೇ ಅಂದ್ಕೊಂಡಿದ್ವಿ. ಆದ್ರೆ ನಮ್ಮ ಕಡೆ ಫೋನ್ ನಂಬರ್ ಮಾತ್ರ ಎಲ್ಲಾರೂ ‘ನೈನ್ ಎಯ್ಟ್’ ಅಂತಾನೇ ಹೇಳೋದು, ಅಜ್ಜಂದಿರೂ. ಅರವತ್ತು ದಾಟಿದವರು ಕೆಲವರು ಕನ್ನಡನೇ ಬೇಕು ಅಂದ್ರು, ಹುಡುಗರು ‘ಏನಂದ್ರಿ?’ ಅಂತ ಕೇಳಿದ್ರು. ಕೊನೆಗೆ ಮೊದಲ ಸಲ ಕನ್ನಡ, ಎರಡನೇ ಸಲ ಇಂಗ್ಲಿಷ್ ಅಂತ ಓದಿಸಿದ್ವಿ, ಅಂಕಿಗಳ ಮಧ್ಯೆ ಒಂದು ಸೆಕೆಂಡ್ ಬಿಡುವು ಕೊಟ್ಟು. ಅದೂ ಎಲ್ಲಾರಿಗೂ ಒಪ್ಪಿಗೆ ಆಗ್ಲಿಲ್ಲ.

ಹೆಬ್ಬಾಳದವನು: ಒಂದು ಮರ್ತಿದ್ದೆ. +91 ಬಿಟ್ಟು ಬೇರೆ ದೇಶದ ನಂಬರ್‌ಗೆ ಮೆಸೇಜೂ ಕಾಲೂ ಹೋಗದ ಹಾಗೆ ಸರ್ವರಿನಲ್ಲೇ ಮುಚ್ಚಿ. ದುಬಾರಿ ವಿದೇಶಿ ನಂಬರ್‌ಗಳನ್ನ ಹಾಕಿ ಬಿಲ್ ಏರಿಸೋ ಕಳ್ಳರಿದ್ದಾರೆ. ಕಾಲ್ ಬಿಲ್ ನಿಮಿಷದ ಲೆಕ್ಕದಲ್ಲಿ ಏರುತ್ತೆ.

ಮಂಡ್ಯ: ಸರಿ. ಈಗ ಇನ್ನೊಂದು ತಲೆನೋವು: ನಾಲ್ಕು ಜನ ರೈತರು ಒಬ್ಬನೇ ಮಗನ ನಂಬರ್ ಕೊಟ್ಟಿದ್ದಾರೆ. ಅದಕ್ಕೆ ಏನ್ಮಾಡ್ತೀರಿ?